ತುರ್ತು ಗರ್ಭನಿರೋಧಕ: ಎರಡು ಮಾತ್ರೆ, ಒಂದು ಕಾಪರ್ ಟಿ, ಕೌಂಟರಿನಲ್ಲಿ ಆಯ್ಕೆ ಹೇಗೆ

ಮೆಡಿಕಲ್ ಶಾಪಿನ ಕೌಂಟರಿಗೆ ಬಂದು "ಎಮರ್ಜೆನ್ಸಿ ಮಾತ್ರೆ ಕೊಡಿ" ಎನ್ನುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಲೆಕ್ಕ ಇರುತ್ತದೆ: ರಕ್ಷಣೆಯಿಲ್ಲದ ಸಂಭೋಗವಾಗಿ 72 ಗಂಟೆ ದಾಟಿದೆಯೇ, ಇಲ್ಲವೇ? ದಾಟಿಲ್ಲ ಎಂದರೆ ಸಮಾಧಾನ, ದಾಟಿದರೆ ಎಲ್ಲ ಮುಗಿಯಿತೆಂಬ ಗಾಬರಿ. ಎರಡೂ ಪೂರ್ತಿ ಸರಿಯಲ್ಲ. 20 ಗಂಟೆಯೊಳಗೆ ನುಂಗಿದ ಮಾತ್ರೆಯೂ ಕೆಲಸ ಮಾಡದಿರಬಹುದು. 100 ಗಂಟೆ ಕಳೆದ ಮೇಲೂ ಒಳ್ಳೆಯ ದಾರಿ ತೆರೆದೇ ಇರಬಹುದು. ಗಡಿಯಾರದ ಜತೆಗೆ ಕ್ಯಾಲೆಂಡರನ್ನೂ ನೋಡಬೇಕು, ಅಂದರೆ ಮುಟ್ಟಿನ ಚಕ್ರದ ಎಷ್ಟನೇ ದಿನ ಎಂಬುದನ್ನು.

ಈ ಬರಹ ಇಬ್ಬರಿಗಾಗಿ. ಒಬ್ಬರು, ಯಾವ ಮಾತ್ರೆ ಕೇಳಬೇಕು, ಮಾತ್ರೆ ಸಾಕೇ, ಡಾಕ್ಟರ ಬಳಿ ಹೋಗಬೇಕೇ ಎಂದು ತೋಚದೆ ಕೌಂಟರಿನ ಈಚೆ ನಿಂತವರು. ಇನ್ನೊಬ್ಬರು, ಆಚೆ ನಿಂತು ಎರಡು ನಿಮಿಷದಲ್ಲಿ ಸರಿಯಾದುದನ್ನು ಕೊಡಬೇಕಾದ ಫಾರ್ಮಸಿಸ್ಟ್. ಇಬ್ಬರಿಗೂ ಬೇಕಾದ ಪ್ರಶ್ನೆಗಳು ಒಂದೇ.

ಮಾತ್ರೆ ಮಾಡುವುದೇನು

ಇದೊಂದು ತಿಳಿದರೆ ಮುಂದಿನ ಆಯ್ಕೆಯೆಲ್ಲ ಸುಲಭ. ವೀರ್ಯಾಣು ಹೆಣ್ಣಿನ ದೇಹದೊಳಗೆ ಸುಮಾರು 5 ದಿನ ಬದುಕಿರಬಲ್ಲದು. ಅಂಡಾಶಯದಿಂದ ಹೊರಬಂದ ಅಂಡಕ್ಕೆ ಇರುವುದು ಸುಮಾರು ಒಂದು ದಿನದ ಆಯುಷ್ಯ. ಹಾಗಾಗಿ ಸಂಭೋಗವಾದ ತಕ್ಷಣ ಗರ್ಭ ನಿಲ್ಲುವುದಿಲ್ಲ. ಎಷ್ಟೋ ಸಲ ವೀರ್ಯಾಣುಗಳು ಅಂಡಕ್ಕಾಗಿ ಕಾದು ಕೂತಿರುತ್ತವೆ. ತುರ್ತು ಮಾತ್ರೆ ಮಾಡುವ ಮುಖ್ಯ ಕೆಲಸ, ಅಂಡ ಹೊರಬರುವುದನ್ನು ಕೆಲವು ದಿನ ತಡೆಹಿಡಿಯುವುದು. ಅಷ್ಟರಲ್ಲಿ ಕಾದಿದ್ದ ವೀರ್ಯಾಣುಗಳು ಸತ್ತುಹೋಗುತ್ತವೆ.

ಅಂಡೋತ್ಪತ್ತಿಗೆ, ಅಂದರೆ ಅಂಡ ಹೊರಬರುವುದಕ್ಕೆ, ಸುಮಾರು ಒಂದೂವರೆ ದಿನ ಮುಂಚೆ ಎಲ್‌ಎಚ್ ಎಂಬ ಹಾರ್ಮೋನು ರಕ್ತದಲ್ಲಿ ಏರತೊಡಗುತ್ತದೆ. ಅಂಡವನ್ನು ಹೊರಗೆ ಬಿಡು ಎಂಬ ಆದೇಶ ಅದು. ಆ ಏರಿಕೆ ಶುರುವಾಗುವ ಮುಂಚೆ ಮಾತ್ರೆ ಒಳಗೆ ಹೋದರೆ ಅಂಡ ಹೊರಬರುವುದು ನಿಲ್ಲುತ್ತದೆ. ಏರಿಕೆ ಶುರುವಾದ ಮೇಲೆ ಹೋದರೆ ಯಾವ ಮಾತ್ರೆ ಎಂಬುದರ ಮೇಲೆ ಫಲ ನಿಂತಿದೆ. ಅಂಡ ಹೊರಬಂದೇ ಬಿಟ್ಟಿದ್ದರೆ ಯಾವ ಮಾತ್ರೆಯನ್ನೂ ನಂಬಿಕೊಳ್ಳುವಂತಿಲ್ಲ.

"ಬೇಗ ತೆಗೆದುಕೊಳ್ಳಿ" ಎನ್ನುವುದಕ್ಕೆ ನಿಜವಾದ ಕಾರಣ ಇದು. ತಡವಾದಷ್ಟೂ ಆ ಏರಿಕೆ ಶುರುವಾಗಿಬಿಡುವ ಸಾಧ್ಯತೆ ಹೆಚ್ಚು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಇದು ಗರ್ಭಪಾತದ ಮಾತ್ರೆಯಲ್ಲ. ಗರ್ಭಪಾತಕ್ಕೆ ಬಳಸುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ಅವು ಬೇರೆ ಔಷಧಗಳು, ಅವುಗಳ ಕೆಲಸವೂ ಬೇರೆ. ಗರ್ಭ ಆಗಲೇ ನಿಂತಿದ್ದರೆ ತುರ್ತು ಮಾತ್ರೆ ಅದನ್ನು ತೆಗೆಯುವುದಿಲ್ಲ. ಕೌಂಟರಿಗೆ ಬಂದವರು "ಅಬಾರ್ಷನ್ ಮಾತ್ರೆ" ಎಂದು ಕೇಳಿದರೂ ಅವರಿಗೆ ಬೇಕಿರುವುದು ತುರ್ತು ಗರ್ಭನಿರೋಧಕ ಇರಬಹುದು. ಇದು ತಿರುವುಮುರುವಾಗುವುದೂ ಉಂಟು. "ಸಂಬಂಧವಾಗಿ ಎಷ್ಟು ದಿನವಾಯಿತು, ಮುಟ್ಟು ತಪ್ಪಿದೆಯೇ" ಎಂದು ಕೇಳಿದರೆ ಎರಡೇ ಮಾತಿನಲ್ಲಿ ಗೊತ್ತಾಗುತ್ತದೆ.

ಆರಿಸುವ ಮುಂಚೆ ತಿಳಿಯಬೇಕಾದುದು

ಮೊದಲನೆಯದು, ರಕ್ಷಣೆಯಿಲ್ಲದ ಸಂಭೋಗವಾಗಿ ಎಷ್ಟು ಗಂಟೆಯಾಯಿತು. ಹೆಚ್ಚಿನವರು ತಪ್ಪುವುದು ಇಲ್ಲೇ. "ನಿನ್ನೆ ರಾತ್ರಿ" ಎನ್ನುತ್ತಾರೆ, ಅದರ ಮೂರು ದಿನ ಹಿಂದೆಯೂ ಒಮ್ಮೆ ಆಗಿದ್ದನ್ನು ಹೇಳುವುದಿಲ್ಲ. ಯಾರೂ ಕೇಳಿರುವುದೂ ಇಲ್ಲ. ಗಂಟೆ ಎಣಿಸಬೇಕಾದುದು ಈ ಚಕ್ರದಲ್ಲಿ ರಕ್ಷಣೆಯಿಲ್ಲದೆ ಮೊದಲ ಸಲ ಆದಾಗಿನಿಂದ. ಕಾಂಡೋಮ್ ಹರಿದದ್ದು, ಜಾರಿದ್ದು, ದಿನದ ಗರ್ಭನಿರೋಧಕ ಮಾತ್ರೆ ಮರೆತದ್ದು, ಇಂಜೆಕ್ಷನ್ನಿನ ದಿನ ಮೀರಿದ್ದು, ಹೊರಗೆ ತೆಗೆದದ್ದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು, ಕಳೆದ ಮುಟ್ಟು ಶುರುವಾದ ತಾರೀಖು ಮತ್ತು ಚಕ್ರ ಸಾಮಾನ್ಯವಾಗಿ ಎಷ್ಟು ದಿನದ್ದು. ಮುಟ್ಟಿನ ಮೊದಲ ದಿನವೇ ಚಕ್ರದ 1ನೇ ದಿನ. ಅಂಡೋತ್ಪತ್ತಿ ಸುಮಾರಾಗಿ ಮುಂದಿನ ಮುಟ್ಟಿಗೆ 14 ದಿನ ಮುಂಚೆ ಆಗುತ್ತದೆ. ಆದ್ದರಿಂದ ಚಕ್ರದ ಉದ್ದದಿಂದ 14 ಕಳೆದರೆ ಅಂದಾಜು ದಿನ ಸಿಗುತ್ತದೆ. 28 ದಿನದ ಚಕ್ರಕ್ಕೆ 14ನೇ ದಿನ, 32 ದಿನದ ಚಕ್ರಕ್ಕೆ 18ನೇ ದಿನ. ಚಕ್ರ ಒಂದೊಂದು ತಿಂಗಳು ಒಂದೊಂದು ಥರ ಇರುವವರಿಗೆ ಈ ಲೆಕ್ಕ ಕೈಕೊಡುತ್ತದೆ. ಅಂಥವರಿಗೆ ಯಾವ ದಿನವನ್ನೂ "ಸುರಕ್ಷಿತ" ಎಂದು ಹೇಳಬಾರದು.

ಮೂರನೆಯದು ತೂಕ. ನಾಲ್ಕನೆಯದು, ಈಗ ತೆಗೆದುಕೊಳ್ಳುತ್ತಿರುವ ಅಥವಾ ಕಳೆದ ನಾಲ್ಕು ವಾರದಲ್ಲಿ ತೆಗೆದುಕೊಂಡ ಔಷಧಗಳು. ಐದನೆಯದು, ಮಗುವಿಗೆ ಹಾಲುಣಿಸುತ್ತಿದ್ದಾರೆಯೇ ಎಂಬುದು. ಕೊನೆಯದಾಗಿ, ಇದಾದ ಮೇಲೆ ಯಾವ ಗರ್ಭನಿರೋಧಕ ಬಳಸುವ ಮನಸ್ಸಿದೆ ಎಂಬುದು. ಈ ಕೊನೆಯದು ನಾಳೆಯ ವಿಷಯ ಎನಿಸಬಹುದು. ಆದರೆ ಒಂದು ಮಾತ್ರೆಯ ವಿಷಯದಲ್ಲಿ ಇವತ್ತಿನ ಆಯ್ಕೆಯನ್ನೇ ಅದು ಬದಲಿಸುತ್ತದೆ.

ಮಾತ್ರೆ ತೆಗೆದುಕೊಳ್ಳುವ ಮುಂಚೆ ರಕ್ತಪರೀಕ್ಷೆ, ಬಿ.ಪಿ., ಒಳಪರೀಕ್ಷೆ ಯಾವುದೂ ಬೇಕಿಲ್ಲ. ಮುಟ್ಟು ಆಗಲೇ ತಪ್ಪಿದ್ದರೆ ಅಥವಾ ಕಳೆದ ಮುಟ್ಟು ಎಂದಿನಂತಿರದೆ ಬರೀ ಕಲೆಯಷ್ಟೇ ಆಗಿದ್ದರೆ ಮಾತ್ರ ಮೊದಲು ಗರ್ಭಪರೀಕ್ಷೆಯ ಕಿಟ್.

ಲಿವೊನಾರ್ಜೆಸ್ಟ್ರೆಲ್

ಹೆಚ್ಚು ಕಡೆ ಸುಲಭವಾಗಿ ಸಿಗುವುದು, ಖರ್ಚು ಕಡಿಮೆಯದು ಇದು. ಪ್ರಮಾಣ 1.5 ಮಿಲಿಗ್ರಾಂ, ಒಂದೇ ಸಲ. 0.75 ಮಿಲಿಗ್ರಾಂನ ಎರಡು ಮಾತ್ರೆಯ ಪೊಟ್ಟಣ ಕೈಗೆ ಬಂದರೆ ಎರಡನ್ನೂ ಒಟ್ಟಿಗೇ ನುಂಗಬಹುದು. ಒಂದನ್ನು ಈಗ, ಇನ್ನೊಂದನ್ನು 12 ಗಂಟೆಯ ಮೇಲೆ ಎಂಬುದು ಹಳೆಯ ಕ್ರಮ. ಅದರಲ್ಲಿ ಎರಡನೆಯದು ಮರೆತುಹೋಗುವುದೇ ದೊಡ್ಡ ತೊಂದರೆ.

72 ಗಂಟೆಯೊಳಗೆ ಎಂದು ಪೊಟ್ಟಣದ ಮೇಲಿರುತ್ತದೆ. 1998ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದರಲ್ಲಿ, ಮೊದಲ 24 ಗಂಟೆಯಲ್ಲಿ ತೆಗೆದುಕೊಂಡವರಲ್ಲಿ ನಿರೀಕ್ಷಿತ ಗರ್ಭಗಳ ಪೈಕಿ 95%, ಎರಡನೇ ದಿನ 85%, ಮೂರನೇ ದಿನ 58% ತಪ್ಪಿದ್ದವು. ಮುಂದೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಳಿಕೆ ಅಷ್ಟು ಕಡಿದಾಗಿ ಕಾಣಲಿಲ್ಲ. ನಾಲ್ಕನೇ ದಿನದವರೆಗೂ ಸ್ವಲ್ಪ ಫಲ ಉಳಿದಿತ್ತು, ಐದನೇ ದಿನ ಸಾಕಷ್ಟು ಕುಸಿದಿತ್ತು. ಆದ್ದರಿಂದ 75 ಗಂಟೆಯಾಯಿತೆಂದು ಬರಿಗೈಯಲ್ಲಿ ಕಳಿಸುವುದು ತಪ್ಪು. 10 ಗಂಟೆಯಷ್ಟೇ ಆಗಿದೆ, ನಾಳೆ ನೋಡೋಣ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು.

95% ಎಂಬ ಅಂಕಿಯನ್ನು ಹೆಚ್ಚಿನವರು ತಪ್ಪಾಗಿ ಓದಿಕೊಳ್ಳುತ್ತಾರೆ. ನೂರು ಹೆಂಗಸರಲ್ಲಿ ಐವರಿಗೆ ಗರ್ಭ ನಿಲ್ಲುತ್ತದೆ ಎಂದು ಅದರ ಅರ್ಥವಲ್ಲ. ಚಕ್ರದ ನಡುವಿನ ದಿನಗಳಲ್ಲಿ ಒಂದು ಸಲ ರಕ್ಷಣೆಯಿಲ್ಲದೆ ಕೂಡಿದ ನೂರು ಹೆಂಗಸರಲ್ಲಿ, ಯಾವ ಮಾತ್ರೆಯೂ ಇಲ್ಲದೆ, ಸುಮಾರು ಎಂಟು ಜನರಿಗೆ ಗರ್ಭ ನಿಲ್ಲಬಹುದು ಎಂಬುದು ರೂಢಿಯ ಅಂದಾಜು. ಆ ಎಂಟರಲ್ಲಿ ಎಷ್ಟು ತಪ್ಪಿದವು ಎಂಬುದೇ ಈ ಶೇಕಡಾ ಲೆಕ್ಕ. ಒಟ್ಟಾರೆ ನೋಡಿದರೆ ಲಿವೊನಾರ್ಜೆಸ್ಟ್ರೆಲ್ ತೆಗೆದುಕೊಂಡ ನೂರು ಜನರಲ್ಲಿ ಒಬ್ಬಿಬ್ಬರಿಗೆ ಗರ್ಭ ನಿಲ್ಲುತ್ತದೆ. ಕೌಂಟರಿನಲ್ಲಿ ಹೇಳಬೇಕಾದುದು ಹೀಗೆ. "ಗ್ಯಾರಂಟಿ" ಎಂಬ ಮಾತು ಬೇಡ.

ಇದರ ದೊಡ್ಡ ಮಿತಿ, ಎಲ್‌ಎಚ್ ಏರಿಕೆ ಶುರುವಾದ ಮೇಲೆ ಇದು ಹೆಚ್ಚೇನೂ ಮಾಡದು ಎಂಬುದು. ಅಂದರೆ ಗರ್ಭದ ಸಾಧ್ಯತೆ ಅತಿ ಹೆಚ್ಚಿರುವ ಎರಡು ದಿನಗಳಲ್ಲೇ ಇದು ಕೈಬಿಡುತ್ತದೆ. ಎರಡನೇ ಮಿತಿ ತೂಕ. 70 ಕಿಲೋ ದಾಟಿದವರಲ್ಲಿ, ಅಥವಾ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ 26 ಮೀರಿದವರಲ್ಲಿ, ಫಲ ಕಡಿಮೆ ಇರಬಹುದು. ಬೇರೆ ದಾರಿ ಇಲ್ಲದಿದ್ದರೆ ಎರಡು ಪಟ್ಟು, ಅಂದರೆ 3 ಮಿಲಿಗ್ರಾಂ, ಕೊಡಬಹುದು ಎಂದು ಕೆಲವು ಮಾರ್ಗಸೂಚಿಗಳು ಹೇಳುತ್ತವೆ. ಬಿಎಂಐ 30 ಮೀರಿದವರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಎರಡು ಪಟ್ಟು ಕೊಟ್ಟರೂ ಅಂಡೋತ್ಪತ್ತಿ ತಡೆಯುವುದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಹಾನಿಯಿಲ್ಲದ ಪ್ರಯತ್ನ ಎನ್ನಬಹುದು, ಅದರ ಮೇಲೆ ಭರವಸೆಯಿಡುವುದು ಕಷ್ಟ.

ಅನುಕೂಲಗಳೂ ಇವೆ. ಹಾಲುಣಿಸುವ ತಾಯಿ ಇದನ್ನು ತೆಗೆದುಕೊಂಡು ಹಾಲುಣಿಸುವುದನ್ನು ಮುಂದುವರಿಸಬಹುದು. ಅದೇ ದಿನ ದಿನದ ಮಾತ್ರೆ ಶುರುಮಾಡಬಹುದು. ಅದೇ ಚಕ್ರದಲ್ಲಿ ಮತ್ತೆ ಬೇಕಾದರೆ ಮತ್ತೆ ತೆಗೆದುಕೊಳ್ಳಬಹುದು. ಆಗಲೇ ಗರ್ಭ ನಿಂತಿರುವುದು ಗೊತ್ತಿಲ್ಲದೆ ತೆಗೆದುಕೊಂಡರೂ ಅದಕ್ಕೆ ಹಾನಿಯಾಗುವುದಿಲ್ಲ.

ಯುಲಿಪ್ರಿಸ್ಟಾಲ್

ಒಂದೇ ಮಾತ್ರೆ, 30 ಮಿಲಿಗ್ರಾಂ, 120 ಗಂಟೆ ಅಂದರೆ ಪೂರ್ತಿ ಐದು ದಿನದೊಳಗೆ. ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕಲ್ಲಿ ಬೆಲೆ ಹೆಚ್ಚು. ಎಲ್‌ಎಚ್ ಏರತೊಡಗಿದ ಮೇಲೂ, ಅದು ತುತ್ತತುದಿ ಮುಟ್ಟುವ ಮುಂಚೆ, ಹೆಚ್ಚಿನವರಲ್ಲಿ ಇದು ಅಂಡವನ್ನು ತಡೆಯಬಲ್ಲದು. ಲಿವೊನಾರ್ಜೆಸ್ಟ್ರೆಲ್‌ಗಿಂತ ಇದು ಮೇಲು ಎನ್ನುವುದು ಇದೊಂದು ಕಾರಣಕ್ಕೆ. ಅಂಡೋತ್ಪತ್ತಿ ಹತ್ತಿರವಿದೆ ಎಂಬ ಅನುಮಾನ ಇದ್ದರೆ, ಗಂಟೆ ಎಷ್ಟೇ ಕಡಿಮೆಯಾಗಿರಲಿ, ಎರಡು ಮಾತ್ರೆಗಳಲ್ಲಿ ಇದೇ ಮೊದಲ ಆಯ್ಕೆ. ಅಂಡೋತ್ಪತ್ತಿ ಇನ್ನೂ ದೂರವಿದ್ದು, 24 ಗಂಟೆಯೂ ಆಗಿಲ್ಲದಿದ್ದರೆ, ಹೆಚ್ಚಿನ ಬೆಲೆ ಕೊಟ್ಟು ಇದನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಇದರ ಜತೆ ಎಚ್ಚರ ಹೆಚ್ಚು ಬೇಕು. ಯುಲಿಪ್ರಿಸ್ಟಾಲ್ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ದೇಹದಲ್ಲಿ ಬೇರೆ ಪ್ರೊಜೆಸ್ಟೊಜೆನ್, ಅಂದರೆ ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಹಾರ್ಮೋನು, ಇದ್ದರೆ ಎರಡೂ ಒಂದಕ್ಕೊಂದು ಅಡ್ಡಗಾಲಾಗುತ್ತವೆ. ಆದ್ದರಿಂದ ಕಳೆದ ಏಳು ದಿನದಲ್ಲಿ ದಿನದ ಗರ್ಭನಿರೋಧಕ ಮಾತ್ರೆ, ಲಿವೊನಾರ್ಜೆಸ್ಟ್ರೆಲ್, ಅಥವಾ ಮುಟ್ಟು ಮುಂದೂಡಲು ನುಂಗುವ ಹಾರ್ಮೋನು ಮಾತ್ರೆ ತೆಗೆದುಕೊಂಡಿದ್ದರೆ ಯುಲಿಪ್ರಿಸ್ಟಾಲ್‌ನ ಫಲ ಕುಗ್ಗಬಹುದು. ಇದನ್ನು ನುಂಗಿದ ಮೇಲೂ ಹಾಗೆಯೇ. ದಿನದ ಮಾತ್ರೆ, ಇಂಜೆಕ್ಷನ್, ಇಂಪ್ಲಾಂಟ್ ಏನೇ ಶುರುಮಾಡುವುದಿದ್ದರೂ 5 ದಿನ ತಡೆಯಬೇಕು. "ಇನ್ನು ಮೇಲೆ ಜಾಗ್ರತೆ" ಎಂದುಕೊಂಡು ಮರುದಿನವೇ ದಿನದ ಮಾತ್ರೆ ಶುರುಮಾಡಿದರೆ ತಡೆದಿದ್ದ ಅಂಡ ಹೊರಬರಬಹುದು. ಒಳ್ಳೆಯ ಉದ್ದೇಶದಿಂದಲೇ ಆಗುವ ಈ ತಪ್ಪನ್ನು ಫಾರ್ಮಸಿಸ್ಟ್ ಮಾತ್ರ ತಡೆಯಬಲ್ಲರು. ತಾರೀಖನ್ನೇ ಬರೆದುಕೊಟ್ಟರೆ ಗೊಂದಲವಿರುವುದಿಲ್ಲ.

ಹಾಲುಣಿಸುವವರು ಇದನ್ನು ತೆಗೆದುಕೊಂಡರೆ ಒಂದು ವಾರ ಹಾಲನ್ನು ಹಿಂಡಿ ಚೆಲ್ಲಬೇಕಾಗುತ್ತದೆ. ಅವರಿಗೆ ಸಾಮಾನ್ಯವಾಗಿ ಲಿವೊನಾರ್ಜೆಸ್ಟ್ರೆಲ್ ಅಥವಾ ಕಾಪರ್ ಟಿ ಮೇಲು. ಉಬ್ಬಸ ತೀವ್ರವಾಗಿದ್ದು ಬಾಯಿಂದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಇದು ತಕ್ಕುದಲ್ಲ. ತೂಕ 85 ಕಿಲೋ ದಾಟಿದರೆ ಇದರ ಫಲವೂ ಇಳಿಯಬಹುದು.

ಕಾಪರ್ ಟಿ

ಕೌಂಟರಿನಲ್ಲಿ ಸಿಗುವುದಿಲ್ಲ, ಆದರೆ ಕೌಂಟರಿನಲ್ಲಿ ಹೇಳಲೇಬೇಕಾದ ಆಯ್ಕೆ ಇದು. ತುರ್ತು ಗರ್ಭನಿರೋಧಕಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ, 99%ಗಿಂತ ಹೆಚ್ಚು. ತಾಮ್ರ ವೀರ್ಯಾಣುವಿಗೂ ಅಂಡಕ್ಕೂ ವಿಷ. ಆದ್ದರಿಂದ ಅಂಡೋತ್ಪತ್ತಿ ಆಗಿದೆಯೇ ಇಲ್ಲವೇ ಎಂಬ ತಲೆನೋವು ಇಲ್ಲ. ತೂಕ ಎಷ್ಟಿದ್ದರೂ, ಯಾವ ಔಷಧ ತೆಗೆದುಕೊಳ್ಳುತ್ತಿದ್ದರೂ ಫಲ ಬದಲಾಗದು. ಸಂಭೋಗವಾಗಿ 5 ದಿನದೊಳಗೆ ಹಾಕಿಸಬಹುದು. ಚಕ್ರ ಕ್ರಮವಾಗಿದ್ದು ಅಂಡೋತ್ಪತ್ತಿಯ ದಿನ ಲೆಕ್ಕಕ್ಕೆ ಸಿಗುವುದಾದರೆ, ಅದಾಗಿ 5 ದಿನದವರೆಗೂ ಹಾಕಿಸಬಹುದು. ಇದರಿಂದ ಕೆಲವರಿಗೆ 120 ಗಂಟೆ ದಾಟಿದ ಮೇಲೂ ದಾರಿ ಇರುತ್ತದೆ.

ಕಷ್ಟವಿರುವುದು ಸಮಯಕ್ಕೆ ಸರಿಯಾಗಿ ಹಾಕುವವರು ಸಿಗುವುದರಲ್ಲಿ. ಹಾಕುವಾಗ ನೋವಿರುತ್ತದೆ. ಮುಂದೆ ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಾಗಬಹುದು. ಆಗಲೇ ಹೆಚ್ಚು ಸ್ರಾವವಿದ್ದು ರಕ್ತಹೀನತೆ ಇರುವವರು ಇದನ್ನು ಡಾಕ್ಟರ ಜತೆ ಮಾತಾಡಿಯೇ ನಿರ್ಧರಿಸಬೇಕು. ಗರ್ಭಕೋಶದ ಸೋಂಕು ಇದ್ದಾಗ ಹಾಕುವಂತಿಲ್ಲ. ಇನ್ನೂ ಹೆರಿಗೆಯಾಗದವರಿಗೆ ಹಾಕಬಾರದು ಎಂಬ ಮಾತು ಮಾತ್ರ ಸುಳ್ಳು. ಖರ್ಚಿನ ಲೆಕ್ಕದಲ್ಲಿ ಮೊದಲಿಗೆ ದುಬಾರಿ ಎನಿಸಬಹುದು. ಆದರೆ ಸಾಮಾನ್ಯವಾಗಿ ಬಳಸುವ 380ಎ ಮಾದರಿ 10 ವರ್ಷ ಇರುತ್ತದೆ. ಹೇಗೂ ದೀರ್ಘಕಾಲದ ಗರ್ಭನಿರೋಧಕ ಬೇಕೆಂದಿದ್ದವರಿಗೆ ಇದಕ್ಕಿಂತ ಅಗ್ಗದ್ದಿಲ್ಲ.

ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕಾರ್ಬಮಾಜೆಪಿನ್, ಫೆನಿಟಾಯಿನ್ ಅಥವಾ ಫಿನೊಬಾರ್ಬಿಟಾಲ್ ತೆಗೆದುಕೊಳ್ಳುತ್ತಿರುವವರಿಗೆ ಇದೇ ನಿಜವಾದ ಆಯ್ಕೆ. ಆ ಔಷಧಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ತುರ್ತು ಮಾತ್ರೆಯನ್ನು ಬೇಗ ಒಡೆದುಹಾಕುತ್ತವೆ. ನಿಲ್ಲಿಸಿದ ಮೇಲೂ ನಾಲ್ಕು ವಾರ ಈ ಪರಿಣಾಮ ಇರುತ್ತದೆ. ಕಾಪರ್ ಟಿ ಆಗದಿದ್ದರೆ ಲಿವೊನಾರ್ಜೆಸ್ಟ್ರೆಲ್ 3 ಮಿಲಿಗ್ರಾಂ ಕೊಡುತ್ತಾರೆ. ಯುಲಿಪ್ರಿಸ್ಟಾಲ್ ಕೊಡುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ಗುರುವಾರ ಸಂಜೆ 7 ಗಂಟೆಗೆ ಒಬ್ಬರು ಬರುತ್ತಾರೆ. ಸೋಮವಾರ ರಾತ್ರಿ 10ಕ್ಕೆ ಕಾಂಡೋಮ್ ಹರಿದಿದೆ. ಅದಕ್ಕೆ ಮುಂಚೆ ಈ ಚಕ್ರದಲ್ಲಿ ಏನೂ ಆಗಿಲ್ಲ. ಚಕ್ರ 28 ದಿನದ್ದು, ತಪ್ಪದೆ ಬರುತ್ತದೆ. ಇವತ್ತು 13ನೇ ದಿನ. ತೂಕ 76 ಕಿಲೋ. ಬೇರೆ ಔಷಧವಿಲ್ಲ, ಹಾಲುಣಿಸುತ್ತಿಲ್ಲ.

ಗಡಿಯಾರ ಮಾತ್ರ ನೋಡಿದರೆ 69 ಗಂಟೆ. 72 ದಾಟಿಲ್ಲ, ಲಿವೊನಾರ್ಜೆಸ್ಟ್ರೆಲ್ ಕೊಟ್ಟು ಕಳಿಸಬಹುದು ಎನಿಸುತ್ತದೆ. ಕ್ಯಾಲೆಂಡರ್ ಬೇರೆಯೇ ಹೇಳುತ್ತದೆ. ಅಂಡೋತ್ಪತ್ತಿಯ ಅಂದಾಜು ದಿನ 14, ಅಂದರೆ ನಾಳೆ ಶುಕ್ರವಾರ. ಎಲ್‌ಎಚ್ ಏರಿಕೆ ಇವತ್ತೇ ಶುರುವಾಗಿರುವ ಸಾಧ್ಯತೆ ಹೆಚ್ಚು. ಸೋಮವಾರದ ವೀರ್ಯಾಣುಗಳು ಇನ್ನೂ ಬದುಕಿರಬಹುದು. ತೂಕವೂ 70 ದಾಟಿದೆ. ಲಿವೊನಾರ್ಜೆಸ್ಟ್ರೆಲ್ ಅತ್ಯಂತ ದುರ್ಬಲವಾಗಿರುವ ಪರಿಸ್ಥಿತಿ ಇದು.

ಮೊದಲು ಹೇಳಬೇಕಾದುದು ಕಾಪರ್ ಟಿ. 14ನೇ ದಿನಕ್ಕೆ 5 ಸೇರಿಸಿದರೆ 19ನೇ ದಿನ, ಅಂದರೆ ಬರುವ ಬುಧವಾರದವರೆಗೆ ಅವಕಾಶವಿದೆ. ಆದರೂ ನಾಳೆಯೇ ಹೋಗುವುದು ಒಳ್ಳೆಯದು. ಯುಲಿಪ್ರಿಸ್ಟಾಲ್ ಕೈಯಲ್ಲಿದ್ದರೆ ಇಲ್ಲೇ, ಈಗಲೇ ನುಂಗಬೇಕು, ಮನೆಗೆ ಹೋಗಿ ಊಟದ ಮೇಲೆ ಅಲ್ಲ. ಕಾಪರ್ ಟಿ ಹಾಕಿಸುವ ಮನಸ್ಸಿದ್ದರೂ ಮಾತ್ರೆಯನ್ನು ಈಗ ತೆಗೆದುಕೊಂಡಿರಬೇಕು, ಏಕೆಂದರೆ ನಾಳೆ ಡಾಕ್ಟರ್ ಸಿಗದಿರಬಹುದು. ಯುಲಿಪ್ರಿಸ್ಟಾಲ್ ಸಿಗದಿದ್ದರೆ, ರಾತ್ರಿಯೊಳಗೆ ತಂದುಕೊಡಬಲ್ಲ ಬೇರೆ ಅಂಗಡಿ ಇದೆಯೇ ಎಂದು ಫೋನ್ ಮಾಡಿ ನೋಡಬೇಕು. ಅದೂ ಆಗದಿದ್ದರೆ ಲಿವೊನಾರ್ಜೆಸ್ಟ್ರೆಲ್ ಕೊಟ್ಟು, "ಇದೊಂದನ್ನೇ ನಂಬಬೇಡಿ, ನಾಳೆ ಕಾಪರ್ ಟಿಗೆ ಹೋಗಿ" ಎಂದು ಸ್ಪಷ್ಟವಾಗಿ ಹೇಳಬೇಕು. ಲಿವೊನಾರ್ಜೆಸ್ಟ್ರೆಲ್ ತೆಗೆದುಕೊಂಡ ಮೇಲೆ ಯುಲಿಪ್ರಿಸ್ಟಾಲ್ ಸಿಕ್ಕಿತೆಂದು ಅದನ್ನೂ ನುಂಗುವುದರಲ್ಲಿ ಲಾಭವಿಲ್ಲ. ಮೊದಲನೆಯದು ಎರಡನೆಯದರ ಕೈ ಕಟ್ಟಿಹಾಕುತ್ತದೆ.

ಇದೇ ಹೆಂಗಸಿಗೆ ಇವತ್ತು 5ನೇ ದಿನವಾಗಿದ್ದು, ತೂಕ 55 ಕಿಲೋ ಇದ್ದು, ಸಂಭೋಗ ನಿನ್ನೆ ರಾತ್ರಿ ಆಗಿದ್ದರೆ? ಅಂಡೋತ್ಪತ್ತಿಗೆ ಇನ್ನೂ ದಿನಗಳಿವೆ. ಲಿವೊನಾರ್ಜೆಸ್ಟ್ರೆಲ್ ಸಾಕು, ಅದೇ ದಿನ ದಿನದ ಮಾತ್ರೆಯನ್ನೂ ಶುರುಮಾಡಬಹುದು. ದಿನದ ಮಾತ್ರೆಯನ್ನೇ ಎರಡು ಮೂರು ದಿನ ಮರೆತು ಬಂದವರಾದರೆ, ದೇಹದಲ್ಲಿ ಆಗಲೇ ಪ್ರೊಜೆಸ್ಟೊಜೆನ್ ಇರುವುದರಿಂದ ಅವರಿಗೂ ಸಾಮಾನ್ಯವಾಗಿ ಲಿವೊನಾರ್ಜೆಸ್ಟ್ರೆಲ್‌ಕಡೆಗೇ ಒಲವು.

ಕೌಂಟರಿನ ಮಾತು

ಮೇಲಿನ ಲೆಕ್ಕವೆಲ್ಲ ನಿಂತಿರುವುದು ನಿಜವಾದ ಉತ್ತರಗಳ ಮೇಲೆ. ನಿಜವಾದ ಉತ್ತರ ಬರುವುದು ಕೇಳುವ ರೀತಿಯಿಂದ. ಹಿಂದೆ ನಾಲ್ಕು ಜನ ನಿಂತಿರುವಾಗ "ಯಾವಾಗ ಆಯಿತು?" ಎಂದು ಗಟ್ಟಿಯಾಗಿ ಕೇಳಿದರೆ "ನಿನ್ನೆ" ಎಂಬ ಉತ್ತರ ಬರುತ್ತದೆ, ನಿಜ ಏನೇ ಇರಲಿ. ಕೌಂಟರಿನ ತುದಿಗೆ ಕರೆದು, ದನಿ ತಗ್ಗಿಸಿ, ಮೊದಲು ಕಾರಣ ಹೇಳಿ ಆಮೇಲೆ ಕೇಳುವುದು ಸರಿಯಾದ ಕ್ರಮ: "ಎರಡು ಬಗೆಯ ಮಾತ್ರೆಗಳಿವೆ, ನಿಮಗೆ ಯಾವುದು ಹೊಂದುತ್ತದೆ ನೋಡಲು ನಾಲ್ಕೈದು ಪ್ರಶ್ನೆ ಕೇಳಬೇಕು. ಇಲ್ಲಿ ಈಚೆ ಬರುತ್ತೀರಾ?" ಬಾಯಿಬಿಟ್ಟು ಹೇಳಲು ಸಂಕೋಚಪಡುವವರಿಗೆ ಪ್ರಶ್ನೆಗಳನ್ನು ಬರೆದ ಚೀಟಿ ಕೊಟ್ಟು ಗುರುತು ಹಾಕಿಸಿಕೊಂಡರೂ ಆಯಿತು.

ತೂಕದ ಪ್ರಶ್ನೆಗೂ ಇದೇ ಮಾತು. "ನಿಮ್ಮ ತೂಕ ಎಷ್ಟು?" ಎಂದಷ್ಟೇ ಕೇಳಿದರೆ ನೋವಾಗಬಹುದು. "ತೂಕ 70 ಕಿಲೋಗಿಂತ ಹೆಚ್ಚಿದ್ದರೆ ಒಂದು ಮಾತ್ರೆಯ ಫಲ ಕಡಿಮೆ, ಅದಕ್ಕೆ ಕೇಳುತ್ತಿದ್ದೇನೆ" ಎಂದರೆ ಯಾರೂ ಬೇಸರಪಡುವುದಿಲ್ಲ. "ಹಿಂದೆ ಬೇರೆ ಸಲ ಆಗಿತ್ತಾ?" ಎಂಬುದು ವಿಚಾರಣೆಯಂತೆ ಕೇಳಿಸುತ್ತದೆ. "ಕಳೆದ ಮುಟ್ಟಿನಿಂದ ಈಚೆಗೆ ಬೇರೆ ದಿನಗಳಲ್ಲೂ ರಕ್ಷಣೆ ತಪ್ಪಿದ್ದಿದ್ದರೆ ಗಂಟೆಯ ಲೆಕ್ಕ ಬದಲಾಗುತ್ತದೆ" ಎಂದು ಹೇಳಿ ಸುಮ್ಮನಿದ್ದರೆ ಅವರೇ ಹೇಳುತ್ತಾರೆ.

ಕೇಳಬಾರದ್ದೂ ಇದೆ. ಮದುವೆಯಾಗಿದೆಯೇ, ಜತೆಗಿದ್ದವರು ಯಾರು, ಹೇಗಾಯಿತು, ಕಳೆದ ತಿಂಗಳೂ ತೆಗೆದುಕೊಂಡಿರಲ್ಲ, ಇವುಗಳಿಗೆ ಯಾವ ಉತ್ತರ ಬಂದರೂ ಕೊಡುವ ಮಾತ್ರೆ ಬದಲಾಗುವುದಿಲ್ಲ. ಮಾತ್ರೆಯನ್ನು ಬದಲಿಸದ ಪ್ರಶ್ನೆಯನ್ನು ಕೇಳಬೇಕಾಗಿಯೇ ಇಲ್ಲ. ಮತ್ತೆ ಮತ್ತೆ ಬರುವವರಿಗೂ ಇದು ಅನ್ವಯ. ಪದೇ ಪದೇ ತೆಗೆದುಕೊಂಡರೆ ಬಂಜೆತನ ಬರುತ್ತದೆ ಎಂದು ಹೆದರಿಸುವುದು ಸುಳ್ಳು, ಅದರಿಂದ ಮುಂದಿನ ಸಲ ಅವರು ಬಾರದೆ ಹೋಗಬಹುದು ಅಷ್ಟೇ. ನಿಜ ಬೇರೆ ಇದೆ: ದಿನದ ಮಾತ್ರೆಗೆ ಹೋಲಿಸಿದರೆ ಇದರ ಫಲ ಕಡಿಮೆ, ಮುಟ್ಟು ಏರುಪೇರಾಗುತ್ತದೆ. ಅದನ್ನು ಹೇಳಿ ಬೇರೆ ದಾರಿಗಳನ್ನು ತೋರಿಸಬೇಕು.

ಗಂಡ ಅಥವಾ ಗೆಳೆಯ ಬಂದು ಕೇಳಿದರೆ ಗದರಿಸುವುದು ಬೇಡ. ಪ್ರಶ್ನೆಗಳಿಗೆ ಉತ್ತರ ಬೇಕಿರುವುದು ಆಕೆಯಿಂದ, ಆದ್ದರಿಂದ ಫೋನಿನಲ್ಲಿ ಮಾತಾಡಿಸಬಹುದೇ ಎಂದು ಕೇಳಬಹುದು. ಆಗದಿದ್ದರೆ ವಿವರಗಳನ್ನು ಬರೆದ ಚೀಟಿಯೊಂದಿಗೆ ಕೊಟ್ಟು ಕಳಿಸುವುದು, ತಡಮಾಡುವುದಕ್ಕಿಂತ ಮೇಲು. ಆದರೆ ಒಂದು ಕಡೆ ನಿಲ್ಲಬೇಕು. ಬಂದವಳು ತೀರ ಚಿಕ್ಕವಳಾಗಿದ್ದರೆ, ಜತೆಯವರು ಆಕೆಗೆ ಮಾತಾಡಲೇ ಬಿಡದಿದ್ದರೆ, ಮೈಮೇಲೆ ಗಾಯವಿದ್ದರೆ, "ಇದು ನಿಮ್ಮ ಇಷ್ಟದಿಂದ ಆದದ್ದೇ? ಇಲ್ಲವಾದರೆ ಸಹಾಯ ಮಾಡುವವರ ಬಳಿ ಕಳಿಸಬಲ್ಲೆ" ಎಂದು ಏಕಾಂತದಲ್ಲಿ ಒಮ್ಮೆ ಕೇಳಬೇಕು. ಉತ್ತರ ಏನೇ ಇರಲಿ, ಮಾತ್ರೆಯನ್ನು ತಡೆಹಿಡಿಯಬಾರದು. ಬಲಾತ್ಕಾರವಾಗಿದ್ದರೆ ಎಚ್‌ಐವಿ ತಡೆಯುವ ಔಷಧವನ್ನೂ 72 ಗಂಟೆಯೊಳಗೆ ಶುರುಮಾಡಬೇಕು. ತುರ್ತು ಮಾತ್ರೆ ಯಾವ ಲೈಂಗಿಕ ಸೋಂಕನ್ನೂ ತಡೆಯುವುದಿಲ್ಲ.

ನುಂಗಿದ ಮೇಲೆ

ಹೊಟ್ಟೆ ತೊಳಸುವುದು, ತಲೆನೋವು, ಸುಸ್ತು, ಕೆಳಹೊಟ್ಟೆಯ ನೋವು ಒಂದೆರಡು ದಿನ ಇರಬಹುದು. 3 ಗಂಟೆಯೊಳಗೆ ವಾಂತಿಯಾದರೆ ಮಾತ್ರೆ ಹೋಯಿತೆಂದೇ ತಿಳಿದು ಮತ್ತೊಂದನ್ನು ತೆಗೆದುಕೊಳ್ಳಬೇಕು. ಲಿವೊನಾರ್ಜೆಸ್ಟ್ರೆಲ್‌ಗೆ ಕೆಲವು ಮಾರ್ಗಸೂಚಿಗಳು 2 ಗಂಟೆ ಎನ್ನುತ್ತವೆ. ಅನುಮಾನವಿದ್ದರೆ 3 ಎಂದೇ ಹಿಡಿಯುವುದು ಲೇಸು.

ಮಾತ್ರೆ ಈಗಾಗಲೇ ಆಗಿಹೋದ ಸಂಭೋಗಕ್ಕೆ, ಮುಂದಿನದಕ್ಕಲ್ಲ. ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅಂಡ ತಡವಾಗಿ ಹೊರಬರುವುದರಿಂದ, ಮಾತ್ರೆ ತೆಗೆದುಕೊಂಡ ನಂತರದ ದಿನಗಳಲ್ಲಿ ರಕ್ಷಣೆಯಿಲ್ಲದೆ ಕೂಡಿದರೆ ಗರ್ಭದ ಸಾಧ್ಯತೆ ಹೆಚ್ಚುತ್ತದೆ. ಮಾತ್ರೆ ಸೋತದ್ದೆಂದು ಎಣಿಸುವ ಪ್ರಕರಣಗಳಲ್ಲಿ ಕೆಲವು ಹೀಗೆ ಆದವು. ಲಿವೊನಾರ್ಜೆಸ್ಟ್ರೆಲ್ ನಂತರ ಎರಡು ಹಾರ್ಮೋನಿನ ದಿನದ ಮಾತ್ರೆ ಶುರುಮಾಡಿದರೆ 7 ದಿನ ಕಾಂಡೋಮ್ ಬೇಕು. ಯುಲಿಪ್ರಿಸ್ಟಾಲ್ ನಂತರವಾದರೆ ಕಾಯುವ 5 ದಿನವೂ ಆಮೇಲಿನ 7 ದಿನವೂ ಬೇಕು.

ನಡುವೆ ಸ್ವಲ್ಪ ಕಲೆ ಕಾಣಿಸಿದರೆ ಅದನ್ನೇ ಮುಟ್ಟು ಎಂದುಕೊಂಡು ನಿಶ್ಚಿಂತರಾಗಬಾರದು. ಮುಟ್ಟು ಕೆಲವು ದಿನ ಮುಂಚೆ ಅಥವಾ ತಡವಾಗಿ ಬರಬಹುದು. ಬರಬೇಕಾದ ದಿನ ಕಳೆದು 7 ದಿನವಾದರೂ ಬಾರದಿದ್ದರೆ, ಅಥವಾ ಬಂದದ್ದು ಎಂದಿಗಿಂತ ತೀರ ಕಡಿಮೆಯಿದ್ದರೆ, ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. ಚಕ್ರ ಕ್ರಮವಿಲ್ಲದವರು ಸಂಭೋಗವಾಗಿ 3 ವಾರಕ್ಕೆ ಮಾಡಿಕೊಂಡರೆ ಸರಿಯಾದ ಉತ್ತರ ಸಿಗುತ್ತದೆ. ಅದಕ್ಕೂ ಮುಂಚೆ "ಇಲ್ಲ" ಎಂದು ಬಂದ ಫಲಿತಾಂಶವನ್ನು ನಂಬುವಂತಿಲ್ಲ. ಮುಂದಿನ ವಾರಗಳಲ್ಲಿ ಹೊಟ್ಟೆಯ ಒಂದೇ ಬದಿಗೆ ಜೋರಾದ ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಗರ್ಭ ಅಂಡನಾಳದಲ್ಲಿ ನಿಂತಿರಬಹುದು. ಆಗ ಮೆಡಿಕಲ್ ಶಾಪಿಗಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಪೊಟ್ಟಣದ ಹಿಂಬದಿಯಲ್ಲಿ ಪೆನ್ನಿನಿಂದ ಮೂರು ತಾರೀಖು ಬರೆದುಕೊಡಿ: ಮಾತ್ರೆ ನುಂಗಿದ ದಿನ ಮತ್ತು ಗಂಟೆ, ದಿನದ ಮಾತ್ರೆ ಶುರುಮಾಡಬಹುದಾದ ದಿನ, ಗರ್ಭಪರೀಕ್ಷೆಯ ದಿನ. ಪೊಟ್ಟಣ ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು ಎನ್ನುವವರಿಗೆ ಅವನ್ನೇ ಒಂದು ಬಿಳಿ ಚೀಟಿಯಲ್ಲಿ, ಔಷಧದ ಹೆಸರಿಲ್ಲದೆ, ಬರೆದುಕೊಟ್ಟರಾಯಿತು.